ಬೂಷ್ಟಿಗೆ ಎಸಿ ಮದ್ದಲ್ಲ

ಕಳೆದ ಮಳೆಗಾಲದಲ್ಲಿ ಸಿಂಧನೂರಿನ ನಮ್ಮ ಬಾಡಿಗೆ ಮನೆಯ ಹಿಂದಿನ ಕೋಣೆಯಲ್ಲಿ ನನ್ನ ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕಕ್ಕೆ ಬೂಷ್ಟು ಹಿಡಿಯಿತು. "ಎಸಿ ಹಾಕಿಸೋಣ, ಬೇಸಿಗೆಗೂ ಆಗುತ್ತದೆ" ಎಂದರು ಅಬ್ಬಾ. ಬೇಸಿಗೆಗೆ ಆಗುತ್ತದೆ, ನಿಜ. ಬೂಷ್ಟಿಗೆ ಆಗುವುದಿಲ್ಲ ಎಂಬುದು ನನ್ನ ವಾದ.

ಲಿಂಗಸುಗೂರಿನ ಮಾಮು ಮನೆಯಲ್ಲಿ ಎಸಿ ಇದೆ. ಆದರೂ ಮಳೆಗಾಲದಲ್ಲಿ ಅವರ ಅಲ್ಮೇರಾದ ಬಟ್ಟೆ ಮುಗ್ಗಲು ವಾಸನೆ ಬರುತ್ತದೆ. ಕಾರಣ ಸರಳ. ಎಸಿ ನೋಡುವುದು ಉಷ್ಣತೆಯನ್ನು, ತೇವವನ್ನಲ್ಲ. 24 ಡಿಗ್ರಿಗೆ ಇಟ್ಟರೆ, ಮಳೆಯ ತಂಪು ರಾತ್ರಿಯಲ್ಲಿ ಕೋಣೆ ಬೇಗನೆ ಅಲ್ಲಿಗೆ ಇಳಿಯುತ್ತದೆ, ಕಂಪ್ರೆಸರ್ ನಿಲ್ಲುತ್ತದೆ. ಫ್ಯಾನ್ ಮಾತ್ರ ತಿರುಗುತ್ತಿದ್ದರೆ, ತಣ್ಣನೆಯ ಕಾಯಿಲ್ ಮೇಲೆ ಉಳಿದ ನೀರು ಆವಿಯಾಗಿ ಮತ್ತೆ ಕೋಣೆಗೇ ಬರುತ್ತದೆ.

ಡಿಹ್ಯುಮಿಡಿಫೈಯರ್ ತೇವವನ್ನೇ ನೋಡಿ ಓಡುವ ಯಂತ್ರ. ಒಂದೇ ಪೆಟ್ಟಿಗೆಯಲ್ಲಿ ತಣ್ಣನೆಯ ಕಾಯಿಲ್ ಗಾಳಿಯ ನೀರನ್ನು ಹನಿಯಾಗಿಸಿ ಡಬ್ಬಿಗೆ ಇಳಿಸುತ್ತದೆ, ಬಿಸಿ ಕಾಯಿಲ್ ಅದೇ ಗಾಳಿಯನ್ನು ಬೆಚ್ಚಗೆ ಮಾಡಿ ಬಿಡುತ್ತದೆ. ಆದ್ದರಿಂದ ತಂಪು ದಿನದಲ್ಲೂ ಅದರ ಕೆಲಸ ನಿಲ್ಲದು. ಆದರೆ ಕೋಣೆ ತುಸು ಬಿಸಿಯಾಗುತ್ತದೆ, ಕಿಟಕಿ ಮುಚ್ಚಿರಬೇಕು, ಡಬ್ಬಿ ಚೆಲ್ಲುತ್ತಿರಬೇಕು. ಕಂಪ್ರೆಸರ್ ಇಲ್ಲದ ಅಗ್ಗದ ಪುಟ್ಟ ಯಂತ್ರಗಳಿಗೆ ಮೋಸಹೋಗಬೇಡಿ. ಅವು ದಿನವಿಡೀ ಓಡಿದರೂ ಹಿಡಿಯುವ ನೀರು ತೀರಾ ಕಡಿಮೆ.

ಹಾಗಾದರೆ ಡಿಹ್ಯುಮಿಡಿಫೈಯರ್ ಕೊಳ್ಳಬೇಕೇ? ಅದಕ್ಕೂ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯಬೇಕು. ಮಸ್ಕಿಯ ನಾನಿ ಮನೆಯಲ್ಲಿ ನಾವು ಗೋಡೆ ಒರೆಸಿ, ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಅಂಟಿಸಿ ಎರಡು ದಿನ ಬಿಟ್ಟೆವು. ಹಾಳೆಯ ಹಿಂಬದಿಗೆ ಹನಿ ಕಟ್ಟಿತ್ತು. ಅಂದರೆ ನೀರು ಗೋಡೆಯೊಳಗಿತ್ತು. ಹುಡುಕಿದರೆ ಮಾಳಿಗೆಯಿಂದ ಮಳೆನೀರು ಇಳಿಸುವ ಪೈಪು ಸೀಳಿತ್ತು. ಅದನ್ನು ಬದಲಿಸಿದ ಮೇಲೆ ಗೋಡೆ ನಿಧಾನಕ್ಕೆ ಒಣಗಿತು. ಅಲ್ಲಿ ಯಾವ ಯಂತ್ರ ಇಟ್ಟಿದ್ದರೂ ಕರೆಂಟ್ ಬಿಲ್ಲಷ್ಟೇ ಏರುತ್ತಿತ್ತು.

ನಮ್ಮ ಕೋಣೆಯಲ್ಲಿ ಹಾಳೆಯ ಹಿಂಬದಿ ಒಣಗಿಯೇ ಇತ್ತು. ಆದರೆ ಕೆಲವು ನೂರು ರೂಪಾಯಿಗೆ ತಂದ ತೇವಮಾಪಕ 78 ತೋರಿಸಿತು. ತಪ್ಪು ನಮ್ಮದೇ. ಮಳೆ ಎಂದು ಒದ್ದೆ ಬಟ್ಟೆಗಳನ್ನೆಲ್ಲ ಅದೇ ಕೋಣೆಯ ಹಗ್ಗಕ್ಕೆ ಹಾಕುತ್ತಿದ್ದೆವು. ಅವುಗಳ ನೀರೆಲ್ಲ ಗಾಳಿಗೆ ಸೇರುತ್ತಿತ್ತು. ಹಗ್ಗವನ್ನು ಪಡಸಾಲೆಗೆ ಕಟ್ಟಿದೆವು, ಅಲ್ಮೇರಾವನ್ನು ಗೋಡೆಯಿಂದ ನಾಲ್ಕು ಬೆರಳು ಸರಿಸಿದೆವು, ಬಿಸಿಲು ಬಿದ್ದ ಹೊತ್ತಿನಲ್ಲಿ ಕಿಟಕಿ ತೆರೆದು ಫ್ಯಾನ್ ಹಾಕಿದೆವು. ಒಂದು ವಾರದಲ್ಲಿ ಮಾಪಕ 62ಕ್ಕೆ ಇಳಿಯಿತು. ಹೊಸ ಬೂಷ್ಟು ಬರಲಿಲ್ಲ.

ನಮ್ಮ ಕಡೆ ಮಂಗಳೂರಿನಂತೆ ತಿಂಗಳುಗಟ್ಟಲೆ ಮಳೆ ಹಿಡಿಯುವುದಿಲ್ಲ, ನಡುನಡುವೆ ಬಿಸಿಲು ಬೀಳುತ್ತದೆ. ಆ ಬಿಸಿಲನ್ನು ಬಳಸಿಕೊಂಡರೆ ಬಹುತೇಕ ಮನೆಗಳಿಗೆ ಅದೇ ಸಾಕು. ಇಷ್ಟೆಲ್ಲ ಮಾಡಿದ ಮೇಲೂ ಮಾಪಕ ದಿನಗಟ್ಟಲೆ 70ರ ಮೇಲೆಯೇ ನಿಂತರೆ, ಅಥವಾ ಪುಸ್ತಕವಿಡುವ ಕೋಣೆಗೆ ಕಿಟಕಿಯೇ ಇಲ್ಲದಿದ್ದರೆ, ಆಗ ಡಿಹ್ಯುಮಿಡಿಫೈಯರ್ ತನ್ನಿ. ಎಸಿಯ ಮಾತನ್ನು ಏಪ್ರಿಲ್‌ನಲ್ಲಿ ಆಡೋಣ ಎಂದು ಅಬ್ಬಾನೂ ಒಪ್ಪಿದ್ದಾರೆ.