ಮನೆ ಹೊಲಿಗೆಗೆ ಪೀಸ್ ರೇಟ್: ಮೊದಲು ನಿಮಿಷ, ಆಮೇಲೆ ರೂಪಾಯಿ

ಬಟ್ಟೆ ಚೀಲವೊಂದಕ್ಕೆ ಐದು ರೂಪಾಯಿ ಹೊಲಿಗೆ ಕೂಲಿ ಎಂದಿಟ್ಟುಕೊಳ್ಳಿ. ಇದು ಹೆಚ್ಚೋ ಕಡಿಮೆಯೋ? ಕೊಡುವ ಸಣ್ಣ ಘಟಕದ ಮಾಲೀಕರನ್ನು ಕೇಳಿದರೆ ‘ಪಕ್ಕದ ಗಲ್ಲಿಯಲ್ಲಿ ನಾಲ್ಕೂವರೆಗೇ ಹೊಲಿಯುತ್ತಾರೆ’ ಎನ್ನುತ್ತಾರೆ. ಹೊಲಿಯುವ ಮಹಿಳೆಯನ್ನು ಕೇಳಿದರೆ ‘ಗಿಟ್ಟುವುದಿಲ್ಲ’ ಎನ್ನುತ್ತಾರೆ. ಚೀಲವೊಂದಕ್ಕೆ ಎಷ್ಟು ಹೊತ್ತು ಬೇಕೆಂದು ಇಬ್ಬರೂ ಅಳೆದಿರುವುದಿಲ್ಲ. ಮುಂಬೈ, ಪುಣೆ, ಹೈದರಾಬಾದ್‌ನಂಥ ನಗರಗಳಲ್ಲಿ ಮನೆಗೆ ಕೆಲಸ ತಂದು ಹೊಲಿಯುವವರ ದರದ ತಕರಾರು ವರ್ಷಗಟ್ಟಲೆ ಬಗೆಹರಿಯದಿರಲು ಮುಖ್ಯ ಕಾರಣ ಇದೇ.

ಐದು ರೂಪಾಯಿ ಎಲ್ಲಿಂದ ಬರುತ್ತದೆ ನೋಡಿ. ಮಾಲೀಕರು ಘಟಕದಲ್ಲಿರುವ ಕೈ ಚುರುಕಾದ ಟೈಲರ್‌ಗೆ ಒಂದು ಸ್ಯಾಂಪಲ್ ಚೀಲ ಹೊಲಿಯಲು ಹೇಳುತ್ತಾರೆ. ಅವರು ನಾಲ್ಕೂವರೆ ನಿಮಿಷದಲ್ಲಿ ಮುಗಿಸುತ್ತಾರೆ. ಲೆಕ್ಕ ಸುಲಭವಾಗಲೆಂದು ದಿನದ ಕನಿಷ್ಠ ಕೂಲಿ 480 ರೂಪಾಯಿ ಎಂದುಕೊಳ್ಳೋಣ. ಎಂಟು ಗಂಟೆ ಎಂದರೆ 480 ನಿಮಿಷ, ಹಾಗಾಗಿ ನಿಮಿಷಕ್ಕೆ ಒಂದು ರೂಪಾಯಿ. ನಾಲ್ಕೂವರೆ ನಿಮಿಷಕ್ಕೆ ನಾಲ್ಕೂವರೆ ರೂಪಾಯಿ, ‘ಇರಲಿ, ಐದು ಕೊಡೋಣ’. ಮಾಲೀಕರ ದೃಷ್ಟಿಯಲ್ಲಿ ಇದು ಉದಾರತೆಯೇ. ಆದರೆ ಅಳೆದದ್ದು ಬರೀ ಯಂತ್ರ ಓಡಿದ ಸಮಯ, ಅದೂ ಒಂದೇ ಚೀಲದ್ದು.

ಸರಿಯಾಗಿ ಅಳೆಯಬೇಕೆಂದರೆ ಸಾಧಾರಣ ವೇಗದ ಟೈಲರ್ ಒಬ್ಬರು ತಮ್ಮ ಮನೆಯ ಯಂತ್ರದಲ್ಲೇ ಇಪ್ಪತ್ತು ಚೀಲಗಳ ಒಂದು ಕಟ್ಟನ್ನು ಹೊಲಿಯಬೇಕು. ಕಟ್ಟು ಬಿಚ್ಚಿದಲ್ಲಿಂದ ಮತ್ತೆ ಕಟ್ಟುವವರೆಗೆ ಗಡಿಯಾರ ನಡೆಯಬೇಕು. ಹಿಡಿಕೆಯ ಪಟ್ಟಿ ಮಡಚಿ ಎರಡೂ ಅಂಚು ಹೊಲಿಯುವುದು, ಬಾಯಿಯ ಅಂಚು ಮಡಿಸುವುದು, ಹಿಡಿಕೆ ಕೂರಿಸಿ ಚೌಕವಾಗಿ ಬಿಗಿಹೊಲಿಗೆ ಹಾಕುವುದು, ಪಕ್ಕಗಳನ್ನು ಸೇರಿಸುವುದು, ಇವಿಷ್ಟಕ್ಕೆ ಚೀಲವೊಂದಕ್ಕೆ ಆರು ನಿಮಿಷ ಬಂತೆನ್ನೋಣ. ಒಳಹೊರಗು ತಿರುಗಿಸಿ, ದಾರದ ತುದಿ ಕತ್ತರಿಸಿ, ಎಣಿಸಿ ಕಟ್ಟಲು ಇನ್ನೂ ಒಂದೂವರೆ. ಒಟ್ಟು ಏಳೂವರೆ ನಿಮಿಷ. ಬಾಬಿನ್ ತುಂಬುವುದು, ದಾರ ಕಡಿದರೆ ಮತ್ತೆ ಪೋಣಿಸುವುದು, ಬೆನ್ನು ನೆಟ್ಟಗೆ ಮಾಡಿಕೊಳ್ಳುವುದು ಇವಕ್ಕೆಲ್ಲ ಶೇ 15 ಸೇರಿಸಿದರೆ 8.6 ನಿಮಿಷ. ನೂರು ಚೀಲಕ್ಕೊಮ್ಮೆ ಘಟಕಕ್ಕೆ ಹೋಗಿ ಮಾಲು ಒಪ್ಪಿಸಿ, ಕಾದು, ಹೊಸ ಮಾಲು ತರಲು ಒಂದು ಗಂಟೆ; ಚೀಲಕ್ಕೆ 0.6 ನಿಮಿಷ. ಅಲ್ಲಿಗೆ 9.2 ನಿಮಿಷ, ಅಂದರೆ ಕೂಲಿಯೇ ₹9.20.

ಇನ್ನು ಖರ್ಚು. ಕಾರ್ಖಾನೆಯಲ್ಲಿ ಮಾಲೀಕರ ಲೆಕ್ಕಕ್ಕೆ ಬೀಳುವ ದಾರ, ವಿದ್ಯುತ್, ಸೂಜಿ, ಎಣ್ಣೆ, ಯಂತ್ರದ ಸವಕಳಿ ಮತ್ತು ರಿಪೇರಿ ಮನೆಯಲ್ಲಿ ಹೊಲಿಯುವವರ ತಲೆಯ ಮೇಲೆ ಬೀಳುತ್ತವೆ. ನಮ್ಮ ಉದಾಹರಣೆಯಲ್ಲಿ ಇವುಗಳಿಗೆ ಚೀಲಕ್ಕೆ 80 ಪೈಸೆ, ಮಾಲು ತರುವ ಆಟೋಗೆ 40 ಪೈಸೆ ಇಟ್ಟರೆ ನ್ಯಾಯವಾದ ದರ ₹10.40 ಆಗುತ್ತದೆ. ಘಟಕವೇ ದಾರ ಕೊಟ್ಟು ಮಾಲನ್ನು ಮನೆಗೆ ಮುಟ್ಟಿಸಿದರೆ ಅಷ್ಟು ಕಳೆಯಬಹುದು, ತಪ್ಪಿಲ್ಲ.

ಈಗ ಐದು ರೂಪಾಯಿಗೆ ಮರಳೋಣ. ಎಂಟು ಗಂಟೆಗೆ 52 ಚೀಲ, 260 ರೂಪಾಯಿ. ಖರ್ಚು ಕಳೆದರೆ ಕೈಗೆ ಉಳಿಯುವುದು 200ಕ್ಕೂ ಕಡಿಮೆ. ಇದೇ ದರದಲ್ಲಿ 480 ರೂಪಾಯಿ ದುಡಿಯಲು 126 ಚೀಲ ಬೇಕು, ಅದು 19 ಗಂಟೆಗೂ ಮೀರಿದ ಕೆಲಸ. ‘ಆದರೆ ನಮ್ಮವರು ದಿನಕ್ಕೆ ನಾನ್ನೂರು ದುಡಿಯುತ್ತಾರಲ್ಲ’ ಎನ್ನುವ ಮಾಲೀಕರಿದ್ದಾರೆ. ಅವರು ಹೇಳುವುದು ಸುಳ್ಳಲ್ಲದಿರಬಹುದು. ಆ ನಾನ್ನೂರರಲ್ಲಿ ದಾರ ಕತ್ತರಿಸುವ ಅತ್ತೆ, ಚೀಲ ತಿರುಗಿಸುವ ಮಗಳು, ರಾತ್ರಿ ಹನ್ನೊಂದರವರೆಗೆ ಓಡುವ ಯಂತ್ರ ಎಲ್ಲವೂ ಸೇರಿರುತ್ತವೆ. ಪುಸ್ತಕದಲ್ಲಿ ಹೆಸರು ಮಾತ್ರ ಒಬ್ಬರದು. ದರ ಬಿದ್ದಿದೆಯೇ ಎಂದು ತಿಳಿಯಲು ದಿನದ ಗಳಿಕೆ ಕೇಳಿದರೆ ಸಾಲದು, ಎಷ್ಟು ಕೈಗಳು, ಎಷ್ಟು ಗಂಟೆ ಎಂದೂ ಕೇಳಬೇಕು.

ದಿನದ ಕೂಲಿಯನ್ನು ಲೆಕ್ಕ ಹಾಕುವಲ್ಲೂ ಒಂದು ಜಾರುವ ಜಾಗವಿದೆ. ಸರ್ಕಾರದ ಅಧಿಸೂಚನೆ ಮಾಸಿಕ ವೇತನ ಹೇಳಿದ್ದರೆ ಅದನ್ನು 26ರಿಂದ ಭಾಗಿಸುವುದು ರೂಢಿ, ಏಕೆಂದರೆ ವಾರದ ರಜೆಯ ಕೂಲಿ ಅದರೊಳಗೇ ಇದೆ. 30ರಿಂದ ಭಾಗಿಸಿದರೆ ಸದ್ದಿಲ್ಲದೆ ಶೇ 13ರಷ್ಟು ಕೈಬಿಡುತ್ತದೆ. ಮೂಲ ವೇತನದ ಜತೆ ತುಟ್ಟಿಭತ್ಯೆ ಸೇರಿಸಲು ಮರೆಯುವುದಂತೂ ಮಾಮೂಲು.

ತಿರಸ್ಕೃತ ಮಾಲಿನ ಪ್ರಶ್ನೆ ಬೇರೆ. ಕತ್ತರಿಸಿದ ತುಂಡೇ ಓರೆಯಾಗಿದ್ದರೂ ‘ಹೊಲಿಗೆ ಸರಿಯಿಲ್ಲ’ ಎಂದು ದುಡ್ಡು ಹಿಡಿಯುವುದುಂಟು. ಕರಾವಳಿಯ ಬೀಡಿ ಕಾರ್ಮಿಕರಿಗೆ ಈ ಜಗಳ ಹಳೆಯದು. ಸಾವಿರ ಬೀಡಿಗೆ ಇಷ್ಟೆಂದು ಕನಿಷ್ಠ ಕೂಲಿ ನಿಗದಿಯಾಗಿರುವ ಆ ಉದ್ಯಮದಲ್ಲಿ, 1966ರ ಬೀಡಿ ಕಾರ್ಮಿಕರ ಕಾಯ್ದೆಯಡಿ ಬಂದ ಮೈಸೂರು ಮತ್ತು ಮಹಾರಾಷ್ಟ್ರದ ನಿಯಮಗಳು ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಹೆಚ್ಚು ತಿರಸ್ಕರಿಸಬಾರದೆಂದು ಮಿತಿ ಹಾಕಿದ್ದವು. ಮನೆಯಲ್ಲಿ ಬಟ್ಟೆ ಹೊಲಿಯುವವರಿಗೆ ಅಂಥ ಮಿತಿಯ ಆಸರೆಯಿಲ್ಲ. ಮಾಲು ಒಪ್ಪಿಸುವಾಗಲೇ, ಹೊಲಿದವರ ಎದುರಿಗೇ ಎಣಿಸಿ ನೋಡುವುದು ಮತ್ತು ಕಟಿಂಗ್ ದೋಷವನ್ನು ಬೇರೆ ಬರೆದುಕೊಳ್ಳುವುದು, ಇಷ್ಟಾದರೂ ಆಗಬೇಕು.

ಕಾನೂನು ಎಲ್ಲಿ ನಿಂತಿದೆ? 1948ರ ಕನಿಷ್ಠ ವೇತನ ಕಾಯ್ದೆ, ಮಾಲು ಕೊಂಡೊಯ್ದು ಮನೆಯಲ್ಲಿ ಕೆಲಸ ಮಾಡಿಕೊಡುವವರನ್ನೂ ‘ನೌಕರ’ ಎಂಬ ವ್ಯಾಖ್ಯೆಯೊಳಗೆ ಹೆಸರಿಸಿ ಸೇರಿಸಿತ್ತು. ಪೀಸ್ ಲೆಕ್ಕದ ಕೆಲಸಕ್ಕೂ ಸಮಯದ ಕನಿಷ್ಠ ಕೂಲಿಗಿಂತ ಕಡಿಮೆ ಕೊಡುವಂತಿಲ್ಲ ಎಂದಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಎರಡನೆಯ ಮಾತು ಉಳಿದಿದೆ. ಮೊದಲನೆಯ ಸ್ಪಷ್ಟ ಉಲ್ಲೇಖ ಮಾತ್ರ ಕಾಣುವುದಿಲ್ಲ. ಮನೆಗೆಲಸದ ಈ ಕಾರ್ಮಿಕರು ಹೆಸರು ಹಿಡಿದು ಕಾಣಿಸುವುದು ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಅದೂ ಕಲ್ಯಾಣ ಯೋಜನೆಗಳ ಫಲಾನುಭವಿ ಅಸಂಘಟಿತ ಕಾರ್ಮಿಕರಾಗಿ. ಇದು ನನ್ನ ಮಟ್ಟಿಗೆ ಸಣ್ಣ ನಷ್ಟವಲ್ಲ.

ಇದರಿಂದಾಗಿ 1973ರ ಸುಪ್ರೀಂ ಕೋರ್ಟ್ ತೀರ್ಪೊಂದಕ್ಕೆ ಮತ್ತೆ ಮಹತ್ವ ಬಂದಿದೆ. ಆಗಿನ ಆಂಧ್ರಪ್ರದೇಶದ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣವದು. ಅಲ್ಲಿನ ಟೈಲರ್‌ಗಳಿಗೆ ಪೀಸ್ ಲೆಕ್ಕದಲ್ಲಿ ಕೂಲಿ, ಕೆಲವರು ಬಟ್ಟೆಯನ್ನು ಮನೆಗೂ ಒಯ್ಯುತ್ತಿದ್ದರು. ಹೊಲಿಗೆ ಸರಿಯಿಲ್ಲದಿದ್ದರೆ ಮತ್ತೆ ಹೊಲಿಸುವ ಅಧಿಕಾರ ಮಾಲೀಕರಿಗಿದೆ, ಯಂತ್ರಗಳೂ ಅಂಗಡಿಯವು, ಆದ್ದರಿಂದ ಇವರು ನೌಕರರೇ ಎಂದು ನ್ಯಾಯಾಲಯ ಹೇಳಿತು. ಸ್ವಂತ ಯಂತ್ರದಲ್ಲಿ ಹೊಲಿಯುವ ಇಂದಿನ ಮಹಿಳೆಗೆ ಈ ಆಧಾರದ ಅರ್ಧ ಭಾಗ ಮಾತ್ರ ಸಿಗುತ್ತದೆ. ಯಾರ ಮಾಲು, ಎಷ್ಟು ಕಟ್ಟು, ಎಷ್ಟು ವಾಪಸ್ ಎಂದು ದಿನಾಂಕ ಸಹಿತ ಬರೆದ ಪುಸ್ತಕ ಅವರ ಕೈಯಲ್ಲಿರುವುದು ಅದಕ್ಕೇ ಮುಖ್ಯ.

ಮಾಲೀಕರ ಕಷ್ಟವೂ ಕಟ್ಟುಕತೆಯಲ್ಲ. ಚೀಲವೊಂದಕ್ಕೆ ದೊಡ್ಡ ವ್ಯಾಪಾರಿ ಅವರಿಗೆ ಕೊಡುವ ಜಾಬ್ ರೇಟ್ ಹನ್ನೊಂದು ರೂಪಾಯಿಯಾದರೆ, ಹತ್ತೂ ನಲವತ್ತು ಹೊಲಿಗೆಗೇ ಕೊಟ್ಟು ಕಟಿಂಗ್, ಬಾಡಿಗೆ ತೂಗಿಸಲು ಸಾಧ್ಯವಿಲ್ಲ. ಆದರೆ ‘ಮಾರ್ಕೆಟ್ ರೇಟ್ ಇಷ್ಟೇ’ ಎನ್ನುವ ವ್ಯಾಪಾರಿಯೆದುರು ಇಡಲು ಅವರ ಬಳಿ ಇರುವುದೂ ಈ 9.2 ನಿಮಿಷದ ಹಾಳೆಯೇ. ಹಾಳೆಯಿಲ್ಲದೆ ಆರ್ಡರ್ ಒಪ್ಪಿಕೊಂಡರೆ ಕೊರತೆಯೆಲ್ಲ ಕೊನೆಗೆ ಹೊಲಿಯುವವರ ಕೂಲಿಯಿಂದಲೇ ಕಡಿತವಾಗುತ್ತದೆ.

ದರವನ್ನು ರೂಪಾಯಿಯಲ್ಲಿ ಬರೆಯದೆ ನಿಮಿಷದಲ್ಲಿ ಬರೆದಿಡುವುದರಿಂದ ಇನ್ನೊಂದು ಅನುಕೂಲ. ಮಹಾರಾಷ್ಟ್ರದಲ್ಲಿ ಕನಿಷ್ಠ ವೇತನದ ವಿಶೇಷ ಭತ್ಯೆ ಜನವರಿ ಮತ್ತು ಜುಲೈನಲ್ಲಿ ಪರಿಷ್ಕರಣೆಯಾಗುತ್ತದೆ. ಚೀಲದ ವಿನ್ಯಾಸ ಬದಲಾಗದಿದ್ದರೆ 9.2 ನಿಮಿಷವೂ ಬದಲಾಗದು. ನಿಮಿಷದ ಬೆಲೆ ಮಾತ್ರ ಹೊಸ ಅಧಿಸೂಚನೆಯಿಂದ ತುಂಬಿದರಾಯಿತು. ಬಟ್ಟೆ ದಪ್ಪ ಕ್ಯಾನ್ವಾಸ್ ಆದರೆ, ಒಳಗೊಂದು ಜೇಬು ಬಂದರೆ, ಆ ದಿನ ಮತ್ತೆ ಇಪ್ಪತ್ತು ಚೀಲ ಹೊಲಿದು ಗಡಿಯಾರ ನೋಡಬೇಕು.