ಎರಡು ಟಿಕೇಟಿನ ಒಂದು ಪ್ರಯಾಣ

ಅಜ್ಜಂಪುರದಿಂದ ತರೀಕೆರೆಗೆ ರೈಲಿನಲ್ಲಿ ಹೋಗುವವರು ಬೀರೂರಿನಲ್ಲಿ ಇಳಿದು ಗಾಡಿ ಬದಲಾಯಿಸಬೇಕೆಂಬುದು ಆ ಸೀಮೆಯವರಿಗೆಲ್ಲ ತಿಳಿದ ಸಂಗತಿ. ಹಾಸಿಗೆ, ಪೆಟ್ಟಿಗೆ ಏನಿದ್ದರೂ ಕೈಯಲ್ಲೇ ಇರುತ್ತದೆ. ಶಿವಮೊಗ್ಗೆಯ ಗಾಡಿ ತಪ್ಪಿದರೆ ಬಸ್ಸು ಇದ್ದೇ ಇದೆ. ನಷ್ಟವಾಗುವುದು ಒಂದೆರಡು ಗಂಟೆ, ಕೆಲವೇ ರೂಪಾಯಿ. ಈ ಅಭ್ಯಾಸದ ಬಲದಿಂದಲೇ ಕಡೂರು, ತರೀಕೆರೆಗಳ ತಂದೆತಾಯಿಗಳು ಪರದೇಶದಲ್ಲಿರುವ ಮಕ್ಕಳ ಬಳಿಗೆ ಹೊರಟಾಗ, ನಡುವೆ ವಿಮಾನ ಬದಲಾಯಿಸುವುದನ್ನೂ ಬೀರೂರಿನ ಬದಲಾವಣೆಯಂತೆಯೇ ಭಾವಿಸುವುದುಂಟು. ಆದರೆ ವಿಮಾನದಲ್ಲಿ ಪೆಟ್ಟಿಗೆ ಕೈಯಲ್ಲಿರುವುದಿಲ್ಲ. ಅದು ಎಲ್ಲಿಯವರೆಗೆ ಹೋಗುವುದೆಂಬುದನ್ನು ನಿರ್ಧರಿಸುವುದು ಟಿಕೇಟು.

ಟಿಕೇಟಿನಲ್ಲಿ ಎರಡು ಬಗೆ. ಮೊದಲನೆಯದರಲ್ಲಿ ಬೆಂಗಳೂರಿನಿಂದ ಕಡೆಯ ಊರಿನವರೆಗೆ ಒಂದೇ ಕರಾರು. ನಡುವೆ ವಿಮಾನ ಬದಲಾದರೂ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೂ, ಪ್ರಯಾಣಿಕನನ್ನು ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ಸಂಸ್ಥೆಯದು. ಎರಡನೆಯ ಬಗೆಯಲ್ಲಿ ಟಿಕೇಟುಗಳೇ ಎರಡು, ಕರಾರುಗಳೂ ಎರಡು. ಟಿಕೇಟು ಮಾರುವ ಜಾಲತಾಣಗಳು ಇದನ್ನು Self-transfer ಎಂಬ ಸಣ್ಣ ಅಕ್ಷರಗಳಲ್ಲಿ ತೋರಿಸುತ್ತವೆ. ಹಣ ಕಟ್ಟುವುದು ಒಂದೇ ಸಲವಾದ್ದರಿಂದ ಟಿಕೇಟೂ ಒಂದೇ ಎಂದು ಕೊಂಡವರು ತಿಳಿಯುತ್ತಾರೆ. ಮೊದಲನೆಯ ಸಂಸ್ಥೆಗೆ ಸಂಬಂಧಿಸಿದಂತೆ ಅವರ ಪ್ರಯಾಣ ನಡುವಿನ ಊರಿನಲ್ಲಿಯೇ ಮುಗಿಯಿತು. ಎರಡನೆಯ ಸಂಸ್ಥೆಗೆ ಅವರು ಆ ಊರಿನಿಂದಲೇ ಹೊರಟವರು. ಇವೆರಡರ ನಡುವಣ ಅವಧಿಯಲ್ಲಿ ಏನೇ ಸಂಭವಿಸಿದರೂ ಹೊಣೆ ಪ್ರಯಾಣಿಕನದೇ. ಟಿಕೇಟು ಅಗ್ಗವಾಗುವುದರ ಗುಟ್ಟು ಬಹುಮಟ್ಟಿಗೆ ಇಲ್ಲಿದೆ.

ಒಂದು ಉದಾಹರಣೆಯನ್ನು ಲೆಕ್ಕ ಹಾಕಿ ನೋಡಬಹುದು. ತರೀಕೆರೆಯ ವೃದ್ಧ ದಂಪತಿಗಳು ಮಗಳ ಬಾಣಂತನಕ್ಕೆಂದು ಜನವರಿ ತಿಂಗಳಲ್ಲಿ ಕೆನಡಾದ ಟೊರಾಂಟೋಗೆ ಹೊರಟಿದ್ದಾರೆಂದು ಇಟ್ಟುಕೊಳ್ಳೋಣ. ಬೆಂಗಳೂರಿನಿಂದ ದೆಹಲಿಗೆ ಒಂದು ಟಿಕೇಟು, ದೆಹಲಿಯಿಂದ ಟೊರಾಂಟೋಗೆ ಇನ್ನೊಂದು. ಮೊದಲನೆಯ ವಿಮಾನ ರಾತ್ರಿ 9 ಗಂಟೆಗೆ ದೆಹಲಿಯ 1ನೆಯ ಟರ್ಮಿನಲ್ಲಿಗೆ ಬರುತ್ತದೆ. ಎರಡನೆಯದು ರಾತ್ರಿ 1-30ಕ್ಕೆ 3ನೆಯ ಟರ್ಮಿನಲ್ಲಿನಿಂದ ಹೊರಡುತ್ತದೆ. ನಡುವೆ ನಾಲ್ಕೂವರೆ ಗಂಟೆ; ನೋಡುವವರಿಗೆ ಧಾರಾಳವಾದ ಕಾಲ.

ಆದರೆ ಲೆಕ್ಕ ಹಾಕಬೇಕಾದುದು ವಿಮಾನ ಹೊರಡುವ ವೇಳೆಯಿಂದಲ್ಲ, ಪೆಟ್ಟಿಗೆ ಒಪ್ಪಿಸಿಕೊಳ್ಳುವ ಕೌಂಟರು ಮುಚ್ಚುವ ವೇಳೆಯಿಂದ. ಹೊರದೇಶದ ವಿಮಾನಗಳಿಗೆ ಅದು ಸಾಮಾನ್ಯವಾಗಿ ಒಂದು ಗಂಟೆ ಅಥವಾ ಒಂದೂಕಾಲು ಗಂಟೆ ಮೊದಲೇ ಮುಚ್ಚುತ್ತದೆ. ಒಂದೂಕಾಲು ಗಂಟೆಯೆಂದರೆ ಕಡೆಯ ಗಡಿ 12-15. ವಿಮಾನದಿಂದ ಇಳಿದು, ಸಾಮಾನಿನ ಪಟ್ಟಿಯ ಮುಂದೆ ಕಾದು ಪೆಟ್ಟಿಗೆಗಳನ್ನು ಎತ್ತಿಕೊಳ್ಳುವಷ್ಟರಲ್ಲಿ 9-40. ಆ ಎರಡು ಟರ್ಮಿನಲ್ಲುಗಳು ಒಂದೇ ಸೂರಿನ ಕೆಳಗಿಲ್ಲ. ಒಂದರಿಂದ ಇನ್ನೊಂದಕ್ಕೆ ರಸ್ತೆಯಲ್ಲಿ ಹಲವು ಕಿಲೋಮೀಟರ್ ಹೋಗಬೇಕು. ಬಸ್ಸಿಗೋ ಟ್ಯಾಕ್ಸಿಗೋ ಕಾದು ಅಲ್ಲಿಗೆ ತಲುಪುವಾಗ 10-20. ಬಾಗಿಲಿನ ತಪಾಸಣೆ ಮುಗಿಸಿ ಕೌಂಟರಿನ ಮುಂದೆ ನಿಲ್ಲುವಾಗ 10-50. ಎಲ್ಲವೂ ಸರಿಯಾಗಿ ನಡೆದರೆ ಉಳಿಯುವುದು ಒಂದು ಗಂಟೆ ಇಪ್ಪತ್ತೈದು ನಿಮಿಷ. ನಾಲ್ಕೂವರೆ ಗಂಟೆಯೆಂದು ಕಂಡದ್ದರ ನಿಜವಾದ ಬೆಲೆ ಇಷ್ಟೇ.

ಜನವರಿಯಲ್ಲಿ ದೆಹಲಿಯ ಮೇಲೆ ದಟ್ಟವಾದ ಮಂಜು ಕವಿಯುತ್ತದೆ. ಮಂಜು ಬೆಳಗಿನದು, ನಮ್ಮ ವಿಮಾನ ರಾತ್ರಿಯದು ಎಂಬ ಸಮಾಧಾನ ಸಲ್ಲದು. ಒಂದೇ ವಿಮಾನ ದಿನವೆಲ್ಲ ಹಲವು ಊರುಗಳ ನಡುವೆ ಹಾರುವುದರಿಂದ ಬೆಳಗಿನ ತಡ ಸಂಜೆಯವರೆಗೂ ಬೆನ್ನಟ್ಟಿ ಬರುತ್ತದೆ. ಎರಡು ಗಂಟೆ ತಡವಾಯಿತೆನ್ನಿ: ದಂಪತಿಗಳು ಕೌಂಟರನ್ನು ಮುಟ್ಟುವುದು 12-50ಕ್ಕೆ. ವಿಮಾನ ಇನ್ನೂ ನೆಲದ ಮೇಲೆಯೇ ಇದೆ, ಕೌಂಟರು ಮಾತ್ರ ಮುಚ್ಚಿದೆ. ಹತ್ತುವ ಚೀಟಿಯನ್ನು ಮೊಬೈಲಿನಲ್ಲಿ ಮೊದಲೇ ಪಡೆದಿದ್ದರೂ ಪೆಟ್ಟಿಗೆಗಳನ್ನು ಒಪ್ಪಿಸದೆ ಒಳಗೆ ಹೋಗುವುದು ಹೇಗೆ?

ಆಗ ಎರಡನೆಯ ಸಂಸ್ಥೆಯ ದಾಖಲೆಯಲ್ಲಿ ಅವರು ಬಾರದೆ ಉಳಿದ ಪ್ರಯಾಣಿಕರು. ಆ ಟಿಕೇಟಿನ ಹಣ ಬಹುಪಾಲು ಹೋದಂತೆಯೇ. ಇನ್ನೂ ದೊಡ್ಡ ಪೆಟ್ಟು ಇದರ ಹಿಂದೆ ಅಡಗಿರುತ್ತದೆ. ಹೋಗಿಬರುವ ಟಿಕೇಟನ್ನು ಒಟ್ಟಾಗಿ ಕೊಂಡಿದ್ದರೆ, ಹೋಗುವ ವಿಮಾನಕ್ಕೆ ಬಾರದವರ ಹಿಂದಿರುಗುವ ಸೀಟನ್ನೂ ಸಂಸ್ಥೆಗಳು ಸಾಮಾನ್ಯವಾಗಿ ರದ್ದುಮಾಡುತ್ತವೆ. ಹೊಸ ಟಿಕೇಟು ಕೊಂಡು ಹೇಗೋ ಟೊರಾಂಟೋ ಸೇರಿದವರು ಹಿಂದಿರುಗುವ ದಿನ ನಿಲ್ದಾಣದಲ್ಲಿ ಈ ಸಂಗತಿಯನ್ನು ತಿಳಿಯುವಂತಾಗಬಾರದು. ವಿಮಾನ ತಪ್ಪಿದೊಡನೆಯೇ ಸಂಸ್ಥೆಗೆ ತಿಳಿಸಿ, ಹಿಂದಿರುಗುವ ಸೀಟು ಉಳಿದಿದೆಯೇ ಎಂದು ಕೇಳಿ ಬರಹದಲ್ಲಿ ಪಡೆಯಬೇಕು.

ತೂಕದ ಮಾತು ಬೇರೆಯೇ ಇದೆ. ಕೆನಡಾಕ್ಕೆ ಹೋಗುವವರಿಗೆ ತಲೆಗೆ 23 ಕಿಲೋದ ಎರಡು ಪೆಟ್ಟಿಗೆಗಳನ್ನು ಅನೇಕ ಟಿಕೇಟುಗಳು ಒಪ್ಪುತ್ತವೆ. ಇಬ್ಬರಿಗೆ 92 ಕಿಲೋ. ಮಗಳಿಗೆಂದು ಹಪ್ಪಳ, ಚಟ್ನಿಪುಡಿ, ಬಾಣಂತಿಯ ಲೇಹ್ಯ ಎಲ್ಲವನ್ನೂ ಆ ಲೆಕ್ಕದಲ್ಲಿಯೇ ಕಟ್ಟಿರುತ್ತಾರೆ. ಆದರೆ ಬೆಂಗಳೂರಿನಿಂದ ದೆಹಲಿಯ ಪ್ರತ್ಯೇಕ ಟಿಕೇಟಿನಲ್ಲಿ ತಲೆಗೆ ಸಾಮಾನ್ಯವಾಗಿ 15 ಕಿಲೋ ಮಾತ್ರ, ಇಬ್ಬರಿಗೆ 30. ಮಿಕ್ಕ 62 ಕಿಲೋಗೆ ಕಿಲೋ ಒಂದಕ್ಕೆ ನೂರಾರು ರೂಪಾಯಿಯಂತೆ ದೇವನಹಳ್ಳಿಯ ಕೌಂಟರಿನಲ್ಲಿಯೇ ತೆರಬೇಕಾಗುತ್ತದೆ. ಉಳಿಸಿದೆವೆಂದುಕೊಂಡ ಹಣ ಅಲ್ಲಿಯೇ ಕರಗುತ್ತದೆ. ಒಂದೇ ಕರಾರಿನ ಟಿಕೇಟಾದರೆ ಹೊರದೇಶದ ತೂಕದ ಲೆಕ್ಕವೇ ಸಾಮಾನ್ಯವಾಗಿ ಬೆಂಗಳೂರಿನಿಂದಲೇ ಅನ್ವಯಿಸುತ್ತದೆ.

ಗಾಲಿಕುರ್ಚಿಯ ಸಹಾಯ ಬೇಡುವ ವೃದ್ಧರು ಇನ್ನೊಂದನ್ನು ನೆನಪಿಡಬೇಕು. ಆ ಸಹಾಯ ದೆಹಲಿಯ ಹೊರಬಾಗಿಲಿನಲ್ಲಿ ಮುಗಿಯುತ್ತದೆ. ಎರಡನೆಯ ಸಂಸ್ಥೆಗೆ ಅದನ್ನು ಬೇರೆಯಾಗಿ ಮೊದಲೇ ಹೇಳಿಟ್ಟಿರಬೇಕು. ಎರಡು ಟರ್ಮಿನಲ್ಲುಗಳ ನಡುವಣ ರಸ್ತೆಯಲ್ಲಿ ಯಾರೂ ಇರುವುದಿಲ್ಲ.

ನಡುವಿನ ಊರು ದೆಹಲಿಯಾಗದೆ ಲಂಡನ್ನೋ ಫ್ರಾಂಕ್‌ಫರ್ಟೋ ಆದರೆ ತೊಡಕು ಹೆಚ್ಚುತ್ತದೆ. ಪೆಟ್ಟಿಗೆ ಎತ್ತಿಕೊಂಡು ಮತ್ತೆ ಒಪ್ಪಿಸಬೇಕಾದರೆ ಆ ದೇಶದೊಳಕ್ಕೆ ಕಾಲಿಡಬೇಕು. ಕಾಲಿಡಲು ಭಾರತದ ಪಾಸ್‌ಪೋರ್ಟಿನವರಿಗೆ ಸಾಮಾನ್ಯವಾಗಿ ಆ ದೇಶದ ವೀಸಾ ಬೇಕು. ಅದಿಲ್ಲದವರನ್ನು ಬೆಂಗಳೂರಿನಲ್ಲಿಯೇ ವಿಮಾನ ಹತ್ತಿಸದೆ ನಿಲ್ಲಿಸಬಹುದು.

ಪೆಟ್ಟಿಗೆಯನ್ನು ನಡುವೆ ಎತ್ತಿಕೊಳ್ಳಬೇಕಾದ ಪ್ರಯಾಣಗಳೆಲ್ಲವೂ ಈ ಬಗೆಯವಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕಾ ಸಂಯುಕ್ತ ಸಂಸ್ಥಾನದ ಒಳನಾಡಿನ ಊರಿಗೆ ಹೋಗುವವರು ಒಂದೇ ಟಿಕೇಟಿದ್ದರೂ ಸಾಮಾನ್ಯವಾಗಿ ಮೊದಲು ಇಳಿದ ಊರಿನಲ್ಲಿ ಸುಂಕದ ತಪಾಸಣೆಗಾಗಿ ಪೆಟ್ಟಿಗೆಯನ್ನು ತೆಗೆದುಕೊಂಡು ಮತ್ತೆ ಒಪ್ಪಿಸುತ್ತಾರೆ. ಅಲ್ಲಿ ಶ್ರಮವುಂಟು, ಆದರೆ ಮುಂದಿನ ವಿಮಾನ ತಪ್ಪಿದರೆ ಹೊಣೆ ಸಂಸ್ಥೆಯದೇ. ಅಪಾಯವಿರುವುದು ಎತ್ತಿಕೊಳ್ಳುವುದರಲ್ಲಲ್ಲ, ಕರಾರು ತುಂಡಾಗಿರುವುದರಲ್ಲಿ.

ಟಿಕೇಟು ಯಾವ ಬಗೆಯದೆಂದು ತಿಳಿಯಲು ಹಣ ಕಟ್ಟುವ ಮೊದಲು ಮಕ್ಕಳನ್ನು ಎರಡು ಪ್ರಶ್ನೆ ಕೇಳಿದರೆ ಸಾಕು. ಎಲ್ಲ ವಿಮಾನಗಳೂ ಒಂದೇ ಟಿಕೇಟಿನಲ್ಲಿವೆಯೇ? ಪೆಟ್ಟಿಗೆ ಕಡೆಯ ಊರಿನಲ್ಲಿ ಸಿಗುತ್ತದೆಯೇ, ನಡುವೆಯೇ? ಬೆಂಗಳೂರಿನಲ್ಲಿ ಪೆಟ್ಟಿಗೆಗೆ ಕಟ್ಟುವ ಪಟ್ಟಿಯೂ ಸತ್ಯವನ್ನು ನುಡಿಯುತ್ತದೆ: ಕಡೆಯ ಊರಾಗಿ ದಪ್ಪ ಅಕ್ಷರಗಳಲ್ಲಿ YYZ ಎಂದಿದ್ದರೆ ಅದು ಟೊರಾಂಟೋವರೆಗೆ ಹೋಗುತ್ತದೆ, DEL ಎಂದಿದ್ದರೆ ದೆಹಲಿಯಲ್ಲಿ ಪಟ್ಟಿಯ ಮೇಲೆ ಸುತ್ತುತ್ತ ಕಾಯುತ್ತದೆ. ಎರಡು ಟಿಕೇಟು ಅನಿವಾರ್ಯವಾದರೆ, ಹಿಂದಿನ ದಿನವೇ ದೆಹಲಿಗೆ ಹೋಗಿ ಒಂದು ರಾತ್ರಿ ತಂಗುವುದು ಲೇಸು. ಆ ಕೊಠಡಿಯ ಬಾಡಿಗೆಯನ್ನೂ ಹೆಚ್ಚಿನ ತೂಕದ ಹಣವನ್ನೂ ಟಿಕೇಟಿನ ಬೆಲೆಗೆ ಸೇರಿಸಿದ ಮೇಲೂ ಅಗ್ಗವೆಂದು ಕಂಡರೆ ಮಾತ್ರ ಅದು ಅಗ್ಗ.