ಆ ಮೊಣಕೈ ಯಾರದು?

ನಂದಿನಿ ಲೇಔಟ್‌ನ ನಮ್ಮ ರಸ್ತೆ ತಿರುವಲ್ಲಿ ಹೊಸ ಜಿಮ್ಮಿನವರು ಬ್ಯಾನರ್ ಕಟ್ಟಿದ್ದಾರೆ. ಕಂಪ್ಯೂಟರ್ ಹುಟ್ಟಿಸಿದ ಪೈಲ್ವಾನ. ಡಂಬೆಲ್ ಎತ್ತಿದ್ದಾನೆ, ಮೊಣಕೈ ಮಾತ್ರ ಹಿಂದುಮುಂದಾಗಿ ಮಡಚಿದೆ. ಊರಲ್ಲಿ ಗರಡಿ ನೋಡಿ ಬೆಳೆದ ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು.

ಭಾರ ಎತ್ತಿ ತೋಳು ಮಡಚಿದಾಗ ಮುಂದಿನ ಸ್ನಾಯು ಗಿಡ್ಡವಾಗಿ ಉಬ್ಬುತ್ತೆ, ಹಿಂದಿನದು ಸಡಿಲಾಗಿ ಉದ್ದವಾಗುತ್ತೆ. ಇಲ್ಲಿ ಎರಡೂ ಒಂದೇ ಸಮ ಊದಿಕೊಂಡಿವೆ. ಬೆವರು ಹಣೆ, ಕುತ್ತಿಗೆಯಿಂದ ಇಳಿದು ಬನಿಯನ್ ಒದ್ದೆ ಮಾಡಬೇಕು. ಇಲ್ಲಿ ಮೈತುಂಬ ಮಣಿ ಅಂಟಿಸಿದ ಹಾಗಿದೆ, ಬನಿಯನ್ ಗರಿಗರಿ.

ನಿಮ್ಮ ಟ್ರೈನರನ್ನೇ ನಿಲ್ಲಿಸಿ, ಸುಸ್ತಾಗೋವರೆಗೆ ಎತ್ತಿಸಿ, ಫೋಟೋ ತೆಗೀರಿ ಸ್ವಾಮಿ. ಶಟರ್ 1/30 ಸೆಕೆಂಡಿಗಿಟ್ಟರೆ, ಅಲುಗದ ಮುಖ ಸ್ಪಷ್ಟ, ಓಡೋ ಡಂಬೆಲ್ ಮಸುಕು. ಚಲನೆ ಅಂದ್ರೆ ಅದು. ಕೈ ಯಾವ ಕಡೆ ಮಡಚುತ್ತೆ ಅಂತ ನೋಡದೆ ಬ್ಯಾನರ್ ಕಟ್ಟೋರ ಕೈಗೆ ನನ್ನ ಬೆನ್ನು ಹೇಗೆ ಒಪ್ಪಿಸಲಿ?